ಎರಡು ಫೋಟೋ, ಮನೆ ಒಂದೇನಾ? ಗೋಡೆ ನೋಡಿ ಹೇಳುವುದು ಹೇಗೆ

ನಮ್ಮ ಹಳೆ ಮನೆ ಹಳೆ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರು ಬಂದಾಗ ಆ ಓಣಿ ಪೂರ್ತಿ ಹೋಯಿತು, ನಾವು ನವನಗರಕ್ಕೆ ಬಂದೆವು. ಮನೆಯ ಒಂದು ಕಪ್ಪು ಬಿಳುಪು ಫೋಟೋ ಮಾತ್ರ ನಮ್ಮ ಹತ್ತಿರ ಉಳಿದಿತ್ತು, ಹಿಂದೆ ಪೆನ್ಸಿಲ್ಲಿನಲ್ಲಿ 1984 ಎಂದು ಬರೆದಿದೆ. ಹೋದ ವರ್ಷ ಇಳಕಲ್‌ನಲ್ಲಿರುವ ಅತ್ತೆಯ ಟ್ರಂಕಿನಲ್ಲಿ ಇನ್ನೊಂದು ಸಿಕ್ಕಿತು. ಅದು ಕಲರ್ ಫೋಟೋ, ಬೇರೆ ಕಡೆಯಿಂದ ತೆಗೆದದ್ದು. ಅತ್ತೆ "ಇದು ನಮ್ಮನಿನೇ" ಅಂದರು. ಕಾಕಾ ಕನ್ನಡಕ ಹಾಕಿಕೊಂಡು ನೋಡಿ, "ಅಲ್ಲೇಳೋ ತಮ್ಮಾ, ನಮ್ಮನಿ ಬಾಗಲಾ ಇಷ್ಟ ಸಣ್ಣದಿರಲಿಲ್ಲ" ಅಂದರು. ಹೋಗಿ ನೋಡಿ ಬರೋಣ ಅಂದರೆ ಮನೆಯೇ ಇಲ್ಲ. ಫೋಟೋಗಳನ್ನೇ ಕೇಳಬೇಕು.

ಆಗ ನಾನು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಹತ್ತಿರವೂ ಇಂಥ ಎರಡು ಫೋಟೋ ಇದ್ದರೆ ಒಂದು ಸ್ಕೇಲು, ಚೂಪಾದ ಪೆನ್ಸಿಲ್, ಪ್ರಿಂಟ್ ತೆಗೆದ ಎರಡು ಹಾಳೆ ಸಾಕು. ಮೂಲ ಫೋಟೋ ಮೇಲೆ ಮಾತ್ರ ಗೆರೆ ಎಳೆಯಬೇಡಿ. ಸ್ಕ್ಯಾನ್ ಮಾಡಿಸಿ ದೊಡ್ಡದಾಗಿ ಪ್ರಿಂಟ್ ತೆಗೆಸಿ, ಅದರ ಮೇಲೆ ಕೆಲಸ ಮಾಡಿ.

ಮೊದಲು, ಫೋಟೋ ಉಲ್ಟಾ ಇಲ್ಲ ತಾನೇ?

ಇದನ್ನು ಬಿಟ್ಟರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಹಿಂದಿನ ಕಾಲದಲ್ಲಿ ನೆಗೆಟಿವ್ ತಿರುವಿ ಇಟ್ಟು ಪ್ರಿಂಟ್ ಹಾಕಿದರೆ ಎಡ ಬಲ ಅದಲುಬದಲಾಗುತ್ತಿತ್ತು, ಈಗ ಫೋನಿನಲ್ಲಿ ಯಾರೋ ತಿರುವಿ ಕಳಿಸಿರುತ್ತಾರೆ. ಬೋರ್ಡಿನ ಅಕ್ಷರ ಕಂಡರೆ ಒಂದು ಕ್ಷಣದ ಕೆಲಸ. ಇಲ್ಲದಿದ್ದರೆ ಗಂಡಸರ ಅಂಗಿ ನೋಡಿ. ಅಂಗಿಯ ಜೇಬು ಸಾಮಾನ್ಯವಾಗಿ ಹಾಕಿಕೊಂಡವರ ಎಡ ಎದೆಯ ಮೇಲೆ ಇರುತ್ತದೆ, ಅಂದರೆ ಎದುರಿಗೆ ನಿಂತವರ ಫೋಟೋದಲ್ಲಿ ನಮ್ಮ ಬಲಕ್ಕೆ ಕಾಣಬೇಕು. ನಮ್ಮ ಎರಡೂ ಫೋಟೋದಲ್ಲಿ ಜೇಬು ಸರಿಯಾದ ಕಡೆಗೇ ಇತ್ತು. ಒಬ್ಬರನ್ನು ನೋಡಿ ನಿರ್ಧರಿಸಬೇಡಿ, ಇಬ್ಬರು ಮೂವರನ್ನು ನೋಡಿ.

ಎರಡರಲ್ಲೂ ಕಾಣುವ ಗೋಡೆ ಯಾವುದು?

ಕಪ್ಪು ಬಿಳುಪಿನದು ಓಣಿಯಲ್ಲಿ ನಿಂತು ಹೆಚ್ಚೂ ಕಡಿಮೆ ನೇರವಾಗಿ ತೆಗೆದದ್ದು. ಮುಂದಿನ ಗೋಡೆ ಪೂರ್ತಿ ಕಾಣುತ್ತದೆ, ಪಕ್ಕದ ಗೋಡೆ ಒಂದಿಷ್ಟೂ ಕಾಣುವುದಿಲ್ಲ. ಕಲರಿನದನ್ನು ಬಲ ಮೂಲೆಯ ಹತ್ತಿರ ನಿಂತು ತೆಗೆದಿದ್ದಾರೆ. ಅದರಲ್ಲಿ ಸಂದಿಯ ಕಡೆಯ ಗೋಡೆ ದೊಡ್ಡದಾಗಿದೆ, ಮುಂದಿನ ಗೋಡೆ ಓರೆಯಾಗಿ ಹಿಂದಕ್ಕೆ ಓಡುತ್ತದೆ. ಹಾಗಾಗಿ ಹೋಲಿಸಲು ಬರುವುದು ಮುಂದಿನ ಗೋಡೆ ಒಂದೇ. ಸಂದಿಯ ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿದೆ. "ನಮ್ಮನಿಗೆ ಸಂದ್ಯಾಗ ಬಾಗಲಾ ಎಲ್ಲಿತ್ತು?" ಅಂತ ಕಾಕಾ ಪದೇ ಪದೇ ಕೇಳಿದರು. ಅದಕ್ಕೆ ಮೊದಲ ಫೋಟೋ ಹೌದು ಎಂದೂ ಹೇಳುವುದಿಲ್ಲ, ಅಲ್ಲ ಎಂದೂ ಹೇಳುವುದಿಲ್ಲ. ಅಲ್ಲಿ ಆ ಗೋಡೆಯೇ ಇಲ್ಲವಲ್ಲ. ಎರಡರಲ್ಲೂ ಕಾಣುವ ಭಾಗದ ಸುತ್ತ ಪೆನ್ಸಿಲ್ ಗೆರೆ ಎಳೆದು, ಉಳಿದದ್ದನ್ನು ಸದ್ಯಕ್ಕೆ ಮರೆತುಬಿಡಿ.

ಆಮೇಲೆ ಆ ಗೆರೆಯೊಳಗೆ ಇರುವುದರಲ್ಲಿ ಯಾವುದು ಅಲುಗಾಡದ್ದು, ಯಾವುದು ಬದಲಾಗುವಂಥದ್ದು ಅಂತ ಬೇರೆ ಮಾಡಿ. ಸುಣ್ಣದ ಬಣ್ಣ, ಬಾಗಿಲ ಬಣ್ಣ, ಗಿಡ, ಕರೆಂಟ್ ಕಂಬ, ಮುಂದಿನ ತಗಡಿನ ಚಪ್ಪರ, ಬೋರ್ಡು ಇವನ್ನೆಲ್ಲ ಪಕ್ಕಕ್ಕಿಡಿ. ನಾನು ಮೊದಲ ದಿನ ಎರಡರಲ್ಲೂ ಮನೆ ಮುಂದೆ ಬೇವಿನ ಗಿಡ ಕಂಡ ಕೂಡಲೇ ಅದೇ ಮನೆ ಅಂತ ಖುಷಿಪಟ್ಟೆ. ಆ ಓಣಿಯಲ್ಲಿ ನಾಲ್ಕು ಮನೆಗೊಂದು ಬೇವಿನ ಗಿಡ ಇತ್ತು ಅಂತ ಅತ್ತೆ ಹೇಳಿದ ಮೇಲೆ ಆ ಖುಷಿ ಇಳಿಯಿತು. ನಂಬಬೇಕಾದದ್ದು ಗೋಡೆಯನ್ನು ಒಡೆಯದೆ ಬದಲಾಯಿಸಲಾಗದ ವಸ್ತುಗಳನ್ನು: ಕಲ್ಲಿನ ವರಸೆ, ಮೂಲೆಗಲ್ಲು, ಬಾಗಿಲು ಕಿಟಕಿ ಕೂತ ಜಾಗ, ದೀಪದ ಗೂಡು, ಮಾಳಿಗೆಯ ನೀರು ಹೊರಗೆ ಸುರಿಯುವ ಕಲ್ಲಿನ ದೋಣಿ.

ಎಡದಿಂದ ಬಲಕ್ಕೆ ಓದಿ

ಎಷ್ಟೇ ಓರೆಯಾಗಿ ತೆಗೆದರೂ ಒಂದೇ ಗೋಡೆಯ ಮೇಲಿನ ವಸ್ತುಗಳ ಸಾಲು ಬದಲಾಗುವುದಿಲ್ಲ. ಅಂತರ ಹಿಗ್ಗಬಹುದು, ಕುಗ್ಗಬಹುದು, ಆದರೆ ಕಿಟಕಿ ಹಾರಿ ಬಾಗಿಲಿನ ಆಚೆ ಹೋಗುವುದಿಲ್ಲ ಅಲ್ವಾ? ಕಪ್ಪು ಬಿಳುಪಿನದನ್ನು ಎಡದಿಂದ ಓದಿದರೆ ಕಿಟಕಿ, ಗೂಡು, ತಲೆಬಾಗಿಲು, ಗೂಡು, ಕಿಟಕಿ, ಮೂಲೆ. ಕಲರಿನದರಲ್ಲೂ ಅದೇ ಸಾಲು. ಇಷ್ಟಕ್ಕೇ ಕುಣಿಯಬೇಡಿ, ನಮ್ಮ ಕಡೆಯ ಅರ್ಧ ಹಳೆ ಮನೆಗಳ ಸಾಲು ಹೀಗೇ ಇರುತ್ತದೆ. ಸಾಲು ತಪ್ಪಿದ್ದರೆ ಬೇರೆ ಮನೆ ಎಂದು ಅಲ್ಲಿಗೇ ನಿಲ್ಲಿಸಬಹುದಿತ್ತು, ಅಷ್ಟೇ ಇದರ ಉಪಯೋಗ.

ಹೆಚ್ಚು ಕೆಲಸಕ್ಕೆ ಬಂದದ್ದು ಎತ್ತರ. ಎತ್ತರವನ್ನು ಸ್ಕೇಲಿನಿಂದ ಅಳೆಯಬೇಡಿ, ಓರೆ ಫೋಟೋದಲ್ಲಿ ಅದು ದೂರ ಹೋದಂತೆ ಕಡಿಮೆಯಾಗುತ್ತದೆ. ಕಲ್ಲಿನ ವರಸೆ ಎಣಿಸಿ. ಕೆತ್ತಿದ ಕಲ್ಲಿನ ಗೋಡೆಯಲ್ಲಿ ಒಂದೊಂದು ವರಸೆಯೂ ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ಎಲ್ಲಿಂದ ನೋಡಿದರೂ ಐದನೇ ವರಸೆ ಐದನೆಯದೇ. ಕಟ್ಟೆಯ ಮಟ್ಟದಿಂದ ಮೇಲಕ್ಕೆ ಎಣಿಸುತ್ತಾ ಹೋದೆ. ಕಪ್ಪು ಬಿಳುಪಿನದರಲ್ಲಿ ಬಾಗಿಲಿನ ಎಡಗಡೆಯ ಗೂಡು ಐದನೇ ವರಸೆಯಲ್ಲಿ ಶುರುವಾಗುತ್ತದೆ, ಬಲಗಡೆಯದು ನಾಲ್ಕನೇ ವರಸೆಯಲ್ಲೇ. ಕಟ್ಟಿದವರು ಒಂದು ಕಲ್ಲಿನಷ್ಟು ತಪ್ಪಿದ್ದಾರೆ, ಅಥವಾ ಸರಿಯಾದ ಕಲ್ಲು ಸಿಕ್ಕಿರಲಿಕ್ಕಿಲ್ಲ. ಕಲರ್ ಫೋಟೋದಲ್ಲಿ ದೊಡ್ಡದು ಮಾಡಿ ಎಣಿಸಿದೆ. ಎಡ ಐದು, ಬಲ ನಾಲ್ಕು. ನನಗೆ ಮೊದಲ ಸಲ ನಂಬಿಕೆ ಬಂದದ್ದು ಆಗ. ಯಾರೂ ಬೇಕೆಂದು ಹೀಗೆ ಕಟ್ಟುವುದಿಲ್ಲ. ಇಂಥ ತಪ್ಪು, ಕೊರೆ, ಓರೆ ಎಲ್ಲಿದೆ ಅಂತ ಹುಡುಕಿ. ಚೆಂದಕ್ಕೆ ಸರಿಯಾಗಿರುವ ಹತ್ತು ವಸ್ತುಗಳಿಗಿಂತ ಇಂಥದೊಂದು ಜಾಸ್ತಿ ಹೇಳುತ್ತದೆ.

ಗೋಡೆಗೆ ಗಿಲಾವು ಮಾಡಿದ್ದರೆ ವರಸೆ ಕಾಣುವುದಿಲ್ಲ. ಆಗ ಬಾಗಿಲಿನ ಚೌಕಟ್ಟಿನ ಮೇಲಂಚಿನಿಂದ ಗೋಡೆಯುದ್ದಕ್ಕೂ ಹೋಗುವ ಗೆರೆಯನ್ನು ಊಹಿಸಿ, ಅಂದರೆ ಕಟ್ಟೆಯ ಅಂಚು, ಮಾಳಿಗೆಯ ಅಂಚು ಎರಡನ್ನೂ ಉದ್ದ ಎಳೆದು ಅವು ಕೂಡುವ ಬಿಂದು ಹುಡುಕಿ, ಚೌಕಟ್ಟಿನ ಮೇಲಂಚಿನಿಂದ ಆ ಬಿಂದುವಿಗೆ ಗೆರೆ ಎಳೆಯಿರಿ. ಕಿಟಕಿಯ ಮೇಲಂಚು ಆ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಎರಡು ಫೋಟೋದಲ್ಲೂ ಒಂದೇ ಆಗಿರಬೇಕು. ಕಟ್ಟೆಯ ಅಂಚು ಗೋಡೆಗಿಂತ ಮುಂದೆ ಚಾಚಿದ್ದರೂ ಗೋಡೆಗೆ ಸಮಾನಾಂತರವಾಗಿದ್ದರೆ ಇಲ್ಲಿ ನಡೆಯುತ್ತದೆ.

ಕಾಕಾನ ಸಣ್ಣ ಬಾಗಿಲು: ನಾಲ್ಕು ಗುರುತಿನ ಲೆಕ್ಕ

ಕಾಕಾ ಹೇಳಿದ್ದರಲ್ಲಿ ತಪ್ಪೇನಿಲ್ಲ. ಕಪ್ಪು ಬಿಳುಪಿನದರಲ್ಲಿ ಬಾಗಿಲು ಅಗಲವಾಗಿ ಕಾಣುತ್ತದೆ, ಕಲರಿನದರಲ್ಲಿ ಬಾಗಿಲಿನಿಂದ ಬಲ ಮೂಲೆವರೆಗೆ ಉದ್ದ ಗೋಡೆ, ಬಾಗಿಲು ಅದರ ಮುಂದೆ ಕಡ್ಡಿಯಂತೆ. ಓರೆ ಫೋಟೋದಲ್ಲಿ ಹತ್ತಿರದ್ದು ಹಿಗ್ಗುತ್ತದೆ, ದೂರದ್ದು ಕುಗ್ಗುತ್ತದೆ. ಉದ್ದ ಉಳಿಯುವುದಿಲ್ಲ, ಎರಡು ಉದ್ದಗಳ ಅನುಪಾತವೂ ಉಳಿಯುವುದಿಲ್ಲ. ಆದರೆ ಒಂದೇ ನೇರ ಗೆರೆಯ ಮೇಲೆ ನಾಲ್ಕು ಗುರುತು ಇದ್ದರೆ, ಅವುಗಳಿಂದ ಬರುವ ಒಂದು ಸಂಖ್ಯೆ ಎಲ್ಲಿಂದ ತೆಗೆದರೂ ಬದಲಾಗುವುದಿಲ್ಲ. ಗಣಿತದವರಿಗೆ ಇದು ಬಹಳ ಹಳೆಯ ವಿಷಯ, ನಮಗೆ ಗುಣಾಕಾರ ಭಾಗಾಕಾರ ಬಂದರೆ ಸಾಕು.

ಗೋಡೆಯ ಮೇಲೆ ಒಂದೇ ವರಸೆಯ ಉದ್ದಕ್ಕೆ ಗೆರೆ ಎಳೆದುಕೊಳ್ಳಿ. ಅದರ ಮೇಲೆ ನಾಲ್ಕು ಗುರುತು ಹಾಕಿ. ನಾನು ಹಾಕಿದ್ದು ಹೀಗೆ: 1 ಎಡ ಕಿಟಕಿಯ ಎಡ ಅಂಚು, 2 ಬಾಗಿಲಿನ ಎಡ ಅಂಚು, 3 ಬಾಗಿಲಿನ ಬಲ ಅಂಚು, 4 ಮನೆಯ ಬಲ ಮೂಲೆ. ಲೆಕ್ಕ ಇಷ್ಟು:

```
(1-3 ಅಂತರ × 2-4 ಅಂತರ) ÷ (2-3 ಅಂತರ × 1-4 ಅಂತರ)
```

ಕಪ್ಪು ಬಿಳುಪಿನ ಪ್ರಿಂಟಿನಲ್ಲಿ 1ರಿಂದ ಅಳೆದರೆ 2 ಬಂದದ್ದು 35 ಮಿಲಿಮೀಟರಿಗೆ, 3 ಬಂದದ್ದು 57ಕ್ಕೆ, 4 ಬಂದದ್ದು 109ಕ್ಕೆ. ಅಂದರೆ 57ನ್ನು 74ರಿಂದ ಗುಣಿಸಬೇಕು, 22ನ್ನು 109ರಿಂದ ಗುಣಿಸಬೇಕು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಬಂದ ಉತ್ತರ 1.76.

ಕಲರ್ ಪ್ರಿಂಟಿನಲ್ಲಿ 2 ಬಂದದ್ದು 15ಕ್ಕೆ, 3 ಬಂದದ್ದು 29ಕ್ಕೆ, 4 ಬಂದದ್ದು 100ಕ್ಕೆ. 29ನ್ನು 85ರಿಂದ ಗುಣಿಸಿ, 14ನ್ನು 100ರಿಂದ ಗುಣಿಸಿ, ಭಾಗಿಸಿದರೆ ಇಲ್ಲೂ 1.76. ಬಾಗಿಲು ಒಂದರಲ್ಲಿ 22 ಮಿಲಿಮೀಟರ್, ಇನ್ನೊಂದರಲ್ಲಿ 14. ಕಣ್ಣಿಗೆ ಎರಡು ಬೇರೆ ಬಾಗಿಲು, ಲೆಕ್ಕಕ್ಕೆ ಒಂದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಲರ್ ಪ್ರಿಂಟಿನಲ್ಲಿ 2ನೇ ಗುರುತನ್ನು ಒಂದೇ ಒಂದು ಮಿಲಿಮೀಟರ್ ಅತ್ತ ಇತ್ತ ಹಾಕಿ ನೋಡಿದೆ. 14ಕ್ಕೆ ಹಾಕಿದರೆ ಉತ್ತರ 1.66, 16ಕ್ಕೆ ಹಾಕಿದರೆ 1.87. ಹಾಗಾಗಿ 1.76 ಮತ್ತು 1.76 ಸರಿಯಾಗಿ ಕೂಡಿದ್ದು ಸ್ವಲ್ಪ ಅದೃಷ್ಟವೂ ಹೌದು. ಪ್ರಿಂಟ್ ದೊಡ್ಡದಾದಷ್ಟೂ ಈ ತಪ್ಪು ಕಡಿಮೆ. ನೀವೂ ಗುರುತನ್ನು ಬೇಕೆಂದೇ ಸ್ವಲ್ಪ ಸರಿಸಿ ಉತ್ತರ ಎಷ್ಟು ಅಲ್ಲಾಡುತ್ತದೆ ನೋಡಿ, ಆ ಅಲ್ಲಾಟದೊಳಗೆ ಎರಡೂ ಬಂದರೆ ಕೂಡಿತು ಅನ್ನಿ. ಒಂದೇ ಲೆಕ್ಕಕ್ಕೆ ನಿಲ್ಲಬೇಡಿ, ಬಲ ಕಿಟಕಿಯ ಅಂಚುಗಳನ್ನು ತೆಗೆದುಕೊಂಡು ಇನ್ನೊಂದು ನಾಲ್ಕರ ಗುಂಪಿನಲ್ಲೂ ಮಾಡಿ.

ಲೆಕ್ಕ ಕೆಡುವುದು ಎರಡು ಕಡೆ. ನಾಲ್ಕೂ ಗುರುತು ಒಂದೇ ಸಮತಟ್ಟಾದ ಗೋಡೆಯ ಮೇಲೆ ಇರಬೇಕು. ಬಾಗಿಲಿನ ಮರದ ಚೌಕಟ್ಟು ಒಳಗೆ ಕೂತಿರುತ್ತದೆ, ಅದರ ಅಂಚು ಹಿಡಿದರೆ ಓರೆ ಫೋಟೋದಲ್ಲಿ ತಪ್ಪು ಬರುತ್ತದೆ. ಗೋಡೆಯ ಕಲ್ಲು ಮುಗಿಯುವ ಹೊರ ಅಂಚನ್ನೇ ಹಿಡಿಯಬೇಕು. ಕಟ್ಟೆಯ ಕಂಬಗಳನ್ನಂತೂ ಹಿಡಿಯಲೇಬೇಡಿ, ಅವು ಗೋಡೆಗಿಂತ ಮುಂದೆ ಇವೆ. ಎರಡನೆಯದು ಗೆರೆಯೇ ಬಾಗಿರುವುದು. ಫೋನಿನಲ್ಲಿ ತೀರಾ ಅಗಲವಾಗಿ ತೆಗೆದ ಫೋಟೋದ ಅಂಚಿನಲ್ಲಿ ನೇರ ಗೋಡೆ ಬಿಲ್ಲಿನಂತೆ ಬಾಗುತ್ತದೆ. ಮಾಳಿಗೆಯ ಅಂಚಿಗೆ ಸ್ಕೇಲು ಹಿಡಿದರೆ ಗೊತ್ತಾಗುತ್ತದೆ, ನಡುವೆ ಬೆಳಕು ಕಂಡರೆ ಆ ಭಾಗ ಬಿಡಿ. ಮೂಲ ಫೋಟೋವನ್ನು ಮೇಜಿನ ಮೇಲಿಟ್ಟು ಫೋನಿನಲ್ಲಿ ಸ್ವಲ್ಪ ಓರೆಯಾಗಿ ತೆಗೆದಿದ್ದರೆ ಚಿಂತೆ ಇಲ್ಲ, ಈ ಸಂಖ್ಯೆ ಅದನ್ನೂ ತಡೆದುಕೊಳ್ಳುತ್ತದೆ. ಆದರೆ ಫೋಟೋ ಸುರುಳಿಯಾಗಿದ್ದರೆ ಆಗುವುದಿಲ್ಲ, ಗಾಜಿನ ಕೆಳಗೆ ಒತ್ತಿ ಇಟ್ಟು ತೆಗೆಯಿರಿ.

ನಟ್ಟನಡುವೆ ಅನ್ನುವುದು ಓರೆಯಲ್ಲಿ ಎಲ್ಲಿದೆ?

ಬಾಗಿಲಿನ ಮೇಲೆ ಒಂದು ಕಲ್ಲಿನ ದೋಣಿ ಇತ್ತು. ನೇರ ಫೋಟೋದಲ್ಲಿ ಅದು ಬಾಗಿಲಿನ ನಡುವಿಗಿಂತ ಸ್ವಲ್ಪ ಬಲಕ್ಕೆ. ಓರೆ ಫೋಟೋದಲ್ಲಿ ಸ್ಕೇಲಿಟ್ಟು ಬಾಗಿಲಿನ ಅಗಲದ ಅರ್ಧ ತೆಗೆದರೆ ಅದು ನಿಜವಾದ ನಡು ಅಲ್ಲ. ಬಾಗಿಲಿನ ಹೊರ ಅಂಚಿನ ನಾಲ್ಕು ಮೂಲೆಗಳನ್ನು ಅಡ್ಡಡ್ಡವಾಗಿ ಎರಡು ಗೆರೆಯಿಂದ ಕೂಡಿಸಿ, ಅವು ಕತ್ತರಿಸುವ ಜಾಗವೇ ನಿಜವಾದ ನಡು. ಅಲ್ಲಿಂದ ಬಾಗಿಲಿನ ಪಕ್ಕದ ಅಂಚುಗಳಂತೆಯೇ ಮೇಲಕ್ಕೆ ಗೆರೆ ಎಳೆದೆ. ಕಲರ್ ಫೋಟೋದಲ್ಲೂ ದೋಣಿ ಆ ಗೆರೆಯ ಬಲಕ್ಕೇ ಇತ್ತು. ದೋಣಿಯ ಬಾಯಿ ನೋಡಬಾರದು, ಅದು ಗೋಡೆಯಿಂದ ಹೊರಗೆ ಚಾಚಿರುತ್ತದೆ, ನಿಂತ ಜಾಗಕ್ಕೆ ತಕ್ಕಂತೆ ಸರಿದು ಕಾಣುತ್ತದೆ. ಅದು ಗೋಡೆಯೊಳಗೆ ಹೊಕ್ಕ ಬುಡ ನೋಡಬೇಕು.

ಕೂಡದೇ ಇದ್ದದ್ದನ್ನು ಮುಚ್ಚಿಡಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಕೆಲಸ, ಯಾಕೆಂದರೆ ಇಷ್ಟೊತ್ತಿಗೆ ಅದೇ ಮನೆ ಆಗಲಿ ಅಂತ ಮನಸ್ಸು ಬಯಸುತ್ತಿರುತ್ತದೆ. ಒಂದು ಹಾಳೆಯಲ್ಲಿ ಕೂಡದ್ದನ್ನು ಮಾತ್ರ ಬರೆಯಿರಿ. ನಮ್ಮ ಹಾಳೆಯಲ್ಲಿ ಮೂರು ಬಂದವು. 1984ರದರಲ್ಲಿ ಕಟ್ಟೆಗೆ ಮೂರು ಮೆಟ್ಟಿಲು, ಕಲರಿನದರಲ್ಲಿ ಎರಡು. ಮೊದಲನೆಯದರಲ್ಲಿ ಎಡ ಕಿಟಕಿಗೆ ಮರದ ಬಾಗಿಲು, ಎರಡನೆಯದರಲ್ಲಿ ಆ ಕಿಟಕಿಗೆ ಅರ್ಧ ಇಟ್ಟಿಗೆ ಕಟ್ಟಿದ್ದಾರೆ. ಮೊದಲನೆಯದರಲ್ಲಿ ಮಾಳಿಗೆಗೆ ಮೂರು ದೋಣಿ, ಎರಡನೆಯದರಲ್ಲಿ ಎರಡೇ, ಎಡಗಡೆಯದು ಇಲ್ಲ.

ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಕಾಲ ಹೋದಂತೆ ಹೀಗೆ ಆಗಬಹುದೇ? ಆಗಿದ್ದರೆ ಅದರ ಗುರುತು ಉಳಿದಿರಬೇಕಲ್ಲ, ಉಳಿದಿದೆಯೇ? ರಸ್ತೆ ಎತ್ತರಿಸಿದರೆ ಕೆಳಗಿನ ಮೆಟ್ಟಿಲು ಹೂತು ಹೋಗುತ್ತದೆ, ಹಾಗಾಗಿ ಆಮೇಲಿನ ಫೋಟೋದಲ್ಲಿ ಮೆಟ್ಟಿಲು ಕಡಿಮೆ ಇರುವುದು ಸಹಜ. ಉಲ್ಟಾ ಆಗಿದ್ದರೆ, ಅಂದರೆ ಆಮೇಲಿನದರಲ್ಲಿ ಜಾಸ್ತಿ ಇದ್ದಿದ್ದರೆ, ನನಗೆ ಗಟ್ಟಿ ಅನುಮಾನ ಬರುತ್ತಿತ್ತು. ಕಿಟಕಿಗೆ ಇಟ್ಟಿಗೆ ಕಟ್ಟಿದರೂ ಕಲ್ಲಿನ ಹೊರ ಅಂಚು ಹಾಗೇ ಇದೆ, ಲೆಕ್ಕಕ್ಕೆ ಹಿಡಿದದ್ದು ಅದನ್ನೇ. ದೋಣಿಯ ವಿಷಯ ನನ್ನನ್ನು ಎರಡು ದಿನ ಕಾಡಿತು. ಮತ್ತೆ ಸ್ಕ್ಯಾನ್ ಮಾಡಿಸಿ ಆ ಜಾಗ ದೊಡ್ಡದು ಮಾಡಿ ನೋಡಿದಾಗ, ದೋಣಿ ಇರಬೇಕಾದ ಕಡೆ ಬೇರೆ ಬಣ್ಣದ ಗಾರೆಯ ತೇಪೆ, ಅದರ ಕೆಳಗೆ ಗೋಡೆಯುದ್ದಕ್ಕೂ ವರ್ಷಗಟ್ಟಲೆ ನೀರು ಸುರಿದ ಕಪ್ಪು ಪಟ್ಟೆ ಕಂಡಿತು. ದೋಣಿ ಹೋಗಿದೆ, ನೀರಿನ ಗುರುತು ಹೋಗಿಲ್ಲ.

ಕಾಲದಿಂದಲೂ ಹೇಳಲಾಗದ, ನಿಂತ ಜಾಗದಿಂದಲೂ ಹೇಳಲಾಗದ ಒಂದೇ ಒಂದು ವ್ಯತ್ಯಾಸ ಉಳಿದರೂ ಬೇರೆ ಮನೆ ಎಂದೇ ಹಿಡಿಯಬೇಕು. ಉದಾಹರಣೆಗೆ ಗೂಡು ಒಂದು ವರಸೆ ಮೇಲಕ್ಕೆ ಹೋಗಿದ್ದು, ಸುತ್ತ ಎಲ್ಲೂ ತೇಪೆ ಇಲ್ಲದಿದ್ದರೆ. ಕೂಡಿದ್ದು ಇಪ್ಪತ್ತಿದ್ದರೂ ಅದನ್ನು ತೊಳೆಯಲಾಗುವುದಿಲ್ಲ.

ಪಕ್ಕದ ಮನೆ ಇದರ ಜೋಡಿಯಾಗಿದ್ದರೆ?

ಪಾಲಾದ ಅಣ್ಣತಮ್ಮಂದಿರ ಮನೆಗಳನ್ನು ಒಬ್ಬನೇ ಗೌಂಡಿ ಒಂದೇ ಅಳತೆಯಲ್ಲಿ ಕಟ್ಟಿರುವುದು ನಮ್ಮ ಕಡೆ ಸಾಮಾನ್ಯ. ಸರ್ಕಾರಿ ಕ್ವಾರ್ಟರ್ಸ್‌ಗಳೂ ಹಾಗೇ. ಅಲ್ಲಿ ಸಾಲು ಕೂಡುತ್ತದೆ, ನಾಲ್ಕು ಗುರುತಿನ ಲೆಕ್ಕವೂ ಕೂಡುತ್ತದೆ, ಆದರೂ ಮನೆ ಬೇರೆ.

ಇದನ್ನು ಕಣ್ಣಾರೆ ನೋಡಬೇಕಾದರೆ ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಹೋಗಿ. ಒಂದೇ ಕಟ್ಟೆಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ, ಎರಡಕ್ಕೂ ಗುಮ್ಮಟ, ಎರಡಕ್ಕೂ ಮೂಲೆಯಲ್ಲಿ ಸಪೂರ ಮಿನಾರು. ಬರೀ ಗುಮ್ಮಟ ಮತ್ತು ಮಿನಾರು ಕಾಣುವ ಎರಡು ಫೋಟೋ ಕೊಟ್ಟರೆ ಬಹಳ ಜನ ಒಂದೇ ಕಟ್ಟಡ ಅನ್ನುತ್ತಾರೆ. ಕೆಳಗಿನ ಕಮಾನು ಎಣಿಸಿ. ಗೋರಿಯ ಪಡಸಾಲೆಗೆ ಒಂದೊಂದು ಬದಿಗೆ ಏಳು ಕಮಾನು, ಮಸೀದಿಯ ಮುಂಭಾಗಕ್ಕೆ ಐದು. ಗೋಲ ಗುಮ್ಮಟದಲ್ಲಿ ತೊಂದರೆ ಬೇರೆ. ನಾಲ್ಕು ಮೂಲೆಗೂ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರ, ಹೀಗಾಗಿ ಗೋಪುರ ನೋಡಿ ಯಾವ ಬದಿ ಎಂದು ಹೇಳಲಾಗದು. ಉತ್ತರ ಬದಿಯಲ್ಲಿ ಗೋಡೆಯಿಂದ ಹೊರಗೆ ಚಾಚಿದ ಒಂದು ಭಾಗವಿದೆ, ಅದು ಕಂಡರೆ ದಿಕ್ಕು ಸಿಕ್ಕಿತು. ಕಟ್ಟಡ ಒಂದೇ ಆಗಿದ್ದು ಬದಿ ಬೇರೆಯಾಗಿದ್ದರೂ ಹೋಲಿಕೆ ಕೆಡುತ್ತದೆ ಎಂಬುದನ್ನು ನೆನಪಿಡಿ.

ನಮ್ಮ ವಿಷಯದಲ್ಲಿ ಅಜ್ಜನ ತಮ್ಮನ ಮನೆ ಪಕ್ಕದಲ್ಲೇ ಇತ್ತು, ಅದನ್ನೂ ಅದೇ ಕಾಲದಲ್ಲಿ ಕಟ್ಟಿದ್ದು. ಅವರ ಮಗನ ಹತ್ತಿರ ಅದರ ಒಂದು ಫೋಟೋ ಸಿಕ್ಕಿತು. ಅದೇ ನಾಲ್ಕು ಗುರುತು ಹಾಕಿದರೆ 1ರಿಂದ 20, 32, 95 ಬಂತು. 32 ಗುಣಿಸು 75, 12 ಗುಣಿಸು 95, ಉತ್ತರ 2.1. ನಮ್ಮ ಅಲ್ಲಾಟದ ಆಚೆ. ಮೇಲಾಗಿ ಅದರ ಎರಡೂ ಗೂಡು ಒಂದೇ ವರಸೆಯಲ್ಲಿ ಶುರುವಾಗುತ್ತವೆ. ಆ ಮನೆ ಅಲ್ಲ.

ಕೊನೆಗೆ ನಂಬಿದ್ದು ಬಲ ಮೂಲೆಯನ್ನು. ಮೂಲೆಗಲ್ಲುಗಳನ್ನು ಒಂದು ಉದ್ದ, ಒಂದು ಗಿಡ್ಡ, ಹೀಗೆ ಬಿಟ್ಟು ಬಿಟ್ಟು ಕೂರಿಸುತ್ತಾರೆ. ಕೆಳಗಿನಿಂದ ಏಳನೆಯದರಲ್ಲಿ ಆ ಕ್ರಮ ತಪ್ಪಿ ಎರಡು ಗಿಡ್ಡ ಕಲ್ಲು ಒಂದರ ಮೇಲೊಂದು ಬಂದಿವೆ, ಮೇಲಿನದರ ಹೊರ ತುದಿ ಒಡೆದಿದೆ. ಎರಡೂ ಫೋಟೋದಲ್ಲಿ ಅದೇ ಜಾಗದಲ್ಲಿ, ಅದೇ ಕಡೆಗೆ ಒಡೆದಿದೆ.

ಬರೆದಿಡುವಾಗ

ಗೊತ್ತಾದದ್ದನ್ನಷ್ಟೇ ಬರೆಯಿರಿ. ಅದೇ, ಅಲ್ಲ, ಇರಬಹುದು, ಹೇಳಲಾಗದು, ಈ ನಾಲ್ಕರಲ್ಲಿ ಒಂದು, ಅದರ ಪಕ್ಕದಲ್ಲಿ ಯಾವ ಗುರುತಿನಿಂದ ಎಂಬುದು. ಫೋಟೋದ ಹಿಂದೆ ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್, ಪೆನ್ನಿನ ಶಾಯಿ ಮುಂದಕ್ಕೆ ಇಳಿಯುತ್ತದೆ. ಕಲರ್ ಪ್ರಿಂಟಿನ ಹಿಂಬದಿ ನುಣುಪಾಗಿದ್ದು ಪೆನ್ಸಿಲ್ ಹತ್ತದಿದ್ದರೆ ಚೀಟಿ ಬರೆದು ಕವರಿನೊಳಗೆ ಜೊತೆಗಿಡಿ. ನಾನು ಬರೆದದ್ದು: ಮುಂದಿನ ಗೋಡೆ ನಮ್ಮದೇ, ಗೂಡುಗಳ ವರಸೆ, ಏಳನೇ ಮೂಲೆಗಲ್ಲು, ದೋಣಿಯ ಕಲೆ ನೋಡಿ, ತೆಗೆದದ್ದು 1984ರ ನಂತರ, ಸಂದಿಯ ಬಾಗಿಲು ಯಾವಾಗ ಇಟ್ಟದ್ದು ಹೇಳಲಾಗದು.

ಕಾಕಾನಿಗೆ ಎರಡು ಪ್ರಿಂಟನ್ನೂ ಕೊಟ್ಟು ವರಸೆ ಎಣಿಸಲು ಹೇಳಿದೆ. ಬೆರಳಿಟ್ಟು ಎರಡು ಸಲ ಎಣಿಸಿದರು. "ಗೂಡು ನಮ್ಮದೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಸಂದ್ಯಾಗಿನ ಬಾಗಲಾ ನಾನು ಹುಬ್ಬಳ್ಳಿಗೆ ಕೆಲಸಕ್ಕೆ ಹೋದ ಮ್ಯಾಲೆ ಇಟ್ಟಿರಬೇಕು, ನಿಮ್ಮ ಅತ್ತಿನ ಕೇಳು" ಅಂದರು. ಕೇಳಿದ್ದೇನೆ, ಅತ್ತೆ ಟ್ರಂಕಿನಲ್ಲಿ ಇನ್ನೂ ಹುಡುಕುತ್ತಿದ್ದಾರೆ.